ಪಂಚರ್ ಹಾಕಿದರೂ ಮತ್ತೆ ಗಾಳಿ ಇಳಿಯುವ ಸೈಕಲ್: ಲಾಂಗ್ ರೈಡ್‌ಗೆ ಮೊದಲು ಕಾರಣ ಹುಡುಕುವ ಬಗೆ

ಲಕ್ಷಣ ಇಷ್ಟೇ. ರಾತ್ರಿ ಗಾಳಿ ಹೊಡೆದು ನಿಲ್ಲಿಸಿದ ಸೈಕಲ್ ಬೆಳಿಗ್ಗೆ ನೋಡಿದರೆ ಟೈರ್ ಮೆತ್ತಗಾಗಿರುತ್ತದೆ. ಅಂಗಡಿಗೆ ಹೋಗಿ ಪಂಚರ್ ಹಾಕಿಸಿದ್ದೂ ಆಗಿದೆ. ಪ್ಯಾಚ್ ಚೆನ್ನಾಗಿಯೇ ಕೂತಿದೆ. ಆದರೂ ಒಂದೆರಡು ದಿನಕ್ಕೆ ಮತ್ತೆ ಅದೇ ಕಥೆ. ಜಾಸ್ತಿ ಜನ ಇಲ್ಲಿ ಟ್ಯೂಬನ್ನು ಬೈದು, ಹೊಸ ಟ್ಯೂಬ್ ಹಾಕಿಸುತ್ತಾರೆ. ಆ ಹೊಸ ಟ್ಯೂಬಿಗೂ ಅದೇ ಗತಿ ಆಗಬಹುದು. ಟ್ಯೂಬಿನ ತೂತು ಏಟು ಬಿದ್ದ ಜಾಗ ಮಾತ್ರ. ಏಟು ಕೊಟ್ಟದ್ದು ಇನ್ನೂ ಟೈರಿನಲ್ಲೋ ರಿಮ್ಮಿನಲ್ಲೋ ಕೂತಿರುತ್ತದೆ. ಅದನ್ನು ತೆಗೆಯದೆ ಎಷ್ಟು ಪ್ಯಾಚ್ ಹಾಕಿದರೂ ಅಷ್ಟೇ.

ತುಮಕೂರಿನಿಂದ ಕೊರಟಗೆರೆ ಮೇಲೆ ಮಧುಗಿರಿಗೆ ಹೋಗಿ ಬರುವ ರೈಡ್ ಇಟ್ಟುಕೊಂಡಿರಿ ಅಂದುಕೊಳ್ಳಿ. ಹೋಗಿ ಬರಲು 85-90 ಕಿ.ಮೀ. ಹತ್ತಿರ ಆಗುತ್ತದೆ. ದಾರಿ ಬದಿಯಲ್ಲಿ ಬಳ್ಳಾರಿ ಜಾಲಿ ಬೆಳೆದಿದೆ. ಸೌದೆಗೆ ಕಡಿದು ಸಾಗಿಸುವಾಗ ಸಣ್ಣ ಕೊಂಬೆಗಳು ರಸ್ತೆಯ ಅಂಚಿಗೆ ಬೀಳುತ್ತವೆ. ಲಾರಿ, ಬಸ್ಸಿಗೆ ದಾರಿ ಬಿಡಲು ನಾವು ಇಳಿಯುವುದೂ ಅದೇ ಅಂಚಿಗೆ. ಹಾಗಾಗಿ ನಮ್ಮ ಕಡೆಯ ಪಂಚರ್‌ಗಳಲ್ಲಿ ಮುಳ್ಳಿನದ್ದೇ ದೊಡ್ಡ ಪಾಲು. ಜಾಲಿ ಮುಳ್ಳಿಗೆ ಒಂದು ಕೆಟ್ಟ ಬುದ್ಧಿ ಇದೆ. ಚುಚ್ಚಿದ ಮೇಲೆ ತುದಿ ಮುರಿದು ಒಳಗೇ ಉಳಿಯುತ್ತದೆ, ಬುಡ ಉದುರಿ ಹೋಗುತ್ತದೆ. ಹೊರಗಿನಿಂದ ನೋಡಿದರೆ ಟೈರ್ ಮೇಲೆ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆ, ಅಷ್ಟೇ.

ಗಾಳಿ ನಿಧಾನಕ್ಕೆ ಇಳಿಯುವುದಕ್ಕೂ ಕಾರಣ ಅದೇ. ತೂತು ಮಾಡಿದ ಮುಳ್ಳು ತೂತಿನೊಳಗೇ ಬಿರಡೆಯ ಹಾಗೆ ಕೂತಿರುತ್ತದೆ. ನಿಂತ ಸೈಕಲ್ಲಿನಲ್ಲಿ ಗಾಳಿ ಸ್ವಲ್ಪ ಸ್ವಲ್ಪವೇ ಸೋರುತ್ತದೆ. ಓಡಿಸುವಾಗ ಭಾರ ಬಿದ್ದು ಟೈರ್ ಅದುಮಿದಾಗೆಲ್ಲ ಮುಳ್ಳು ಅಲ್ಲಾಡಿ ತೂತನ್ನು ಅಗಲ ಮಾಡುತ್ತದೆ. ಊರೊಳಗೆ ಒಂದು ಸುತ್ತು ಹಾಕಿದಾಗ ಸರಿ ಇದ್ದ ಟೈರ್, ಮೂವತ್ತು ಕಿಲೋಮೀಟರ್ ಆದಮೇಲೆ ಕೈಕೊಡುವುದು ಹೀಗೆ.

ಮೊದಲು ವಾಲ್ವ್ ನೋಡಿ

ಟೈರ್ ಬಿಚ್ಚುವ ಮೊದಲು ಒಂದು ನಿಮಿಷ ವಾಲ್ವ್‌ಗೆ ಕೊಡಿ. ಪೂರ್ತಿ ಗಾಳಿ ಹೊಡೆದು, ವಾಲ್ವ್ ಮೇಲಕ್ಕೆ ಬರುವಂತೆ ಚಕ್ರ ತಿರುಗಿಸಿ, ಅದರ ಬಾಯಿಗೆ ಸೋಪು ನೀರು ಹಚ್ಚಿ. ಸೋಪು ನೀರು ಇಲ್ಲದಿದ್ದರೆ ಉಗುಳೂ ಸಾಕು. ಗುಳ್ಳೆ ಎದ್ದರೆ ದೋಷ ಅಲ್ಲೇ ಇದೆ, ಚಕ್ರ ಬಿಚ್ಚುವ ಕೆಲಸವೇ ಇಲ್ಲ.

ಹಳೆಯ ಮಾದರಿ ಸೈಕಲ್ಲುಗಳ ವಾಲ್ವ್ ಒಳಗೆ ಒಂದು ತೆಳು ರಬ್ಬರ್ ಕೊಳವೆ ಇರುತ್ತದೆ. ಅಂಗಡಿಯಲ್ಲಿ ವಾಲ್ವ್ ಟ್ಯೂಬ್ ಎಂದೇ ಕೇಳಿ. ಬಿಸಿಲಿಗೆ ಅದು ಬಿರಿದಿರುತ್ತದೆ. ಬದಲಾಯಿಸಿದರೆ ಮುಗಿಯಿತು. ಬೈಕ್, ಕಾರಿನಲ್ಲಿ ಇರುವಂಥ ದಪ್ಪ ವಾಲ್ವ್ ಆದರೆ ಒಳಗಿನ ಪಿನ್ ಸಡಿಲ ಆಗಿರಬಹುದು, ಬಿಗಿ ಮಾಡಬೇಕು. ಸಪೂರ ಪ್ರೆಸ್ಟಾ ವಾಲ್ವ್‌ನಲ್ಲಿ ತುದಿಯ ಪುಟ್ಟ ನಟ್ ತಿರುಗಿಸಿ ಮುಚ್ಚುವುದನ್ನು ಮರೆತಿರುತ್ತಾರೆ. ಇನ್ನೊಂದು ಸಂಗತಿ. ತಿರುಪಿ ಹಾಕುವ ಪಂಪ್ ಪೈಪನ್ನು ಬಿಚ್ಚುವಾಗ ಕೆಲವು ಪ್ರೆಸ್ಟಾ ವಾಲ್ವ್‌ಗಳ ಒಳಗಿನ ತುಂಡೇ ಸಡಿಲವಾಗಿ ಹೊರಗೆ ಬರುತ್ತದೆ. ಗಾಳಿಯೆಲ್ಲ ಒಂದೇ ಸಲ ಹೋದರೆ ಇದನ್ನು ಅನುಮಾನಿಸಿ.

ಟ್ಯೂಬ್ ತೆಗೆಯುವ ಮೊದಲು ಗುರುತು ಹಾಕಿ

ಇಡೀ ಪತ್ತೆ ಕೆಲಸದ ಬೆನ್ನೆಲುಬು ಇದು. ಅಂಗಡಿಯಲ್ಲಿ ಗಿರಾಕಿ ಸಾಲು ನಿಂತಿರುವಾಗ ಇದಕ್ಕೆ ಪುರುಸೊತ್ತು ಇರುವುದಿಲ್ಲ. ಮನೆಯಲ್ಲಿ ನಮಗೆ ಇರುತ್ತದೆ.

ಟೈರ್ ಮೇಲೆ ಕಂಪನಿ ಹೆಸರು ಬರೆದಿರುವ ಜಾಗ ವಾಲ್ವ್‌ಗೆ ನೇರ ಇದೆಯಾ ನೋಡಿ. ಇಲ್ಲದಿದ್ದರೆ ವಾಲ್ವ್‌ಗೆ ನೇರವಾಗಿ ಟೈರ್ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಟೈರಿನ ಒಂದು ಅಂಚನ್ನು ಮಾತ್ರ ಲಿವರ್‌ನಿಂದ ಎಬ್ಬಿಸಿ. ಇನ್ನೊಂದು ಅಂಚು ರಿಮ್ಮಿನಲ್ಲೇ ಇರಲಿ. ಟ್ಯೂಬ್ ಹೊರಗೆ ಎಳೆಯುವಾಗ ಅದರ ಯಾವ ಬದಿ ಚೈನ್ ಕಡೆಗಿತ್ತು ಎಂದು ಪೆನ್ನಿನಲ್ಲಿ ಒಂದು ಚುಕ್ಕೆ ಇಡಿ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಅದು ಟ್ಯೂಬನ್ನು ಕಚ್ಚಿ ಇನ್ನೊಂದು ತೂತು ಮಾಡುತ್ತದೆ.

ಈಗ ಟ್ಯೂಬಿಗೆ ಗಾಳಿ ಹೊಡೆದು ಬಕೆಟ್ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸಿ. ಸಣ್ಣ ತೂತಿನಿಂದ ಕೆಲವು ಸೆಕೆಂಡಿಗೆ ಒಂದು ಗುಳ್ಳೆ ಬರಬಹುದು, ಅವಸರ ಮಾಡಿದರೆ ಕಾಣುವುದಿಲ್ಲ. ಒಂದು ತೂತು ಸಿಕ್ಕಿತೆಂದು ನಿಲ್ಲಿಸಬೇಡಿ, ಪೂರ್ತಿ ಒಂದು ಸುತ್ತು ನೋಡಿ. ರಸ್ತೆಯಲ್ಲಿ ನೀರಿಲ್ಲದಿದ್ದರೆ ಟ್ಯೂಬನ್ನು ತುಟಿಯ ಹತ್ತಿರ ಹಿಡಿದು ಸರಿಸುತ್ತಾ ಹೋಗಿ. ಕೈಗೆ ತಿಳಿಯದ ಗಾಳಿ ತುಟಿಗೆ ತಣ್ಣಗೆ ತಿಳಿಯುತ್ತದೆ.

ತೂತು ಎಲ್ಲಿದೆ ಅನ್ನುವುದೇ ಉತ್ತರ

ತೂತು ಟ್ಯೂಬಿನ ಹೊರಮೈಯಲ್ಲಿ, ಅಂದರೆ ರಸ್ತೆಯ ಕಡೆಗೆ ಇದ್ದರೆ, ಚುಚ್ಚಿದ್ದು ಟೈರ್ ದಾಟಿ ಬಂದಿದೆ. ಮುಳ್ಳು, ಗಾಜಿನ ಚೂರು, ಇಲ್ಲವೇ ಲಾರಿ ಟೈರ್ ಸಿಡಿದಾಗ ರಸ್ತೆಯಲ್ಲಿ ಉಳಿಯುವ ಕೂದಲಿನಂಥ ತಂತಿ. ಟೈರನ್ನೇ ಹುಡುಕಬೇಕು.

ಪಕ್ಕಪಕ್ಕದಲ್ಲಿ ಎರಡು ಸಣ್ಣ ಸೀಳು ಇದ್ದರೆ ಏನೂ ಚುಚ್ಚಿಲ್ಲ. ಗಾಳಿ ಕಡಿಮೆ ಇದ್ದ ಟೈರ್ ಗುಂಡಿಗೆ ಬಿದ್ದಾಗ ಟ್ಯೂಬ್ ರಿಮ್ಮಿನ ಅಂಚಿಗೂ ಟೈರಿಗೂ ನಡುವೆ ಸಿಕ್ಕಿ ಜಜ್ಜಿಹೋಗಿದೆ. ಟೈರಿನಲ್ಲಿ ಮುಳ್ಳು ಹುಡುಕುತ್ತಾ ಕೂರಬೇಡಿ. ಎರಡೂ ಸೀಳು ಮುಚ್ಚಿ, ಗಾಳಿ ಸರಿಯಾಗಿ ಹೊಡೆಯಿರಿ.

ಒಳಮೈಯಲ್ಲಿ, ಅಂದರೆ ಕಡ್ಡಿಗಳ ಕಡೆಗೆ ತೂತು ಇದ್ದರೆ ಕಾರಣ ರಿಮ್ಮಿನದು. ಕಡ್ಡಿಯ ತುದಿ ಉದ್ದ ಬಂದಿರುತ್ತದೆ, ಇಲ್ಲವೇ ರಿಮ್ ಟೇಪ್ ಜರುಗಿ ಕಡ್ಡಿಯ ತೂತಿನ ಅಂಚು ಟ್ಯೂಬನ್ನು ಕೊಯ್ಯುತ್ತಿರುತ್ತದೆ. ಹೀಗೆ ಆದಾಗ ಟೈರನ್ನು ಎಷ್ಟು ತಡಕಿದರೂ ಏನೂ ಸಿಗುವುದಿಲ್ಲ, ಜನ ತಲೆಕೆಡಿಸಿಕೊಳ್ಳುತ್ತಾರೆ. ಕಡ್ಡಿಯ ತುದಿಯನ್ನು ಅರದಿಂದ ಉಜ್ಜಿ, ಹೊಸ ರಿಮ್ ಟೇಪ್ ಹಾಕಿ. ರಸ್ತೆಯಲ್ಲಾದರೆ ಗಾಯಕ್ಕೆ ಹಚ್ಚುವ ಬಟ್ಟೆಯ ಪ್ಲಾಸ್ಟರ್ ಎರಡು ಪದರ ಅಂಟಿಸಿದರೆ ಮನೆ ಮುಟ್ಟಬಹುದು.

ವಾಲ್ವ್ ಬುಡದಲ್ಲೇ ಹರಿದಿದ್ದರೆ ಪ್ಯಾಚ್ ನಿಲ್ಲುವುದಿಲ್ಲ. ಟ್ಯೂಬ್ ಬದಲಿಸಿ. ಆದರೆ ಅದು ಯಾಕೆ ಹರಿಯಿತು ಅಂತಲೂ ನೋಡಿ. ಕಡಿಮೆ ಗಾಳಿಯಲ್ಲಿ ಓಡಿಸಿದರೆ ಟೈರ್ ರಿಮ್ ಮೇಲೆ ಸ್ವಲ್ಪ ಸ್ವಲ್ಪವೇ ಜಾರುತ್ತದೆ. ಟ್ಯೂಬನ್ನೂ ಜೊತೆಗೆ ಎಳೆಯುತ್ತದೆ. ವಾಲ್ವ್ ಓರೆಯಾಗಿ ನಿಂತಿದ್ದರೆ ಅದೇ ಆಗುತ್ತಿದೆ ಎಂದರ್ಥ.

ನಮ್ಮ ಗುಂಪಿನ ಹುಡುಗನ ಸೈಕಲ್

ಮಧುಗಿರಿ ರೈಡ್‌ಗೆ ಹೊರಟಿದ್ದ ಒಬ್ಬ ಹುಡುಗನ ಹೈಬ್ರಿಡ್ ಸೈಕಲ್, 32 ಮಿ.ಮೀ. ಅಗಲದ ಟೈರ್. ಹಿಂದಿನ ಚಕ್ರಕ್ಕೆ ಅದೇ ವಾರ ಎರಡು ಪಂಚರ್. ಒಂದನ್ನು ಅಂಗಡಿಯಲ್ಲಿ ಹಾಕಿಸಿದ್ದ. ಎರಡನೆಯದು ಹೊಸದಾಗಿ ಆಗಿತ್ತು. "ಅಣ್ಣ, ಒಂದು ಪ್ಯಾಚ್ ವಾಲ್ವ್‌ನ ಈ ಕಡೆ ಇದೆ, ಹೊಸ ತೂತು ಆ ಕಡೆ ಇದೆ. ಎರಡೂ ಬೇರೆ ಬೇರೆ ಮುಳ್ಳು ಅಲ್ವಾ?" ಅಂದ. ಕೇಳಲು ಸರಿಯಾಗಿಯೇ ಇತ್ತು. ಹೊಸ ತೂತು ಮುಚ್ಚಿ ಚಕ್ರ ಕೂರಿಸಿಬಿಡೋಣ ಎಂಬುದು ಅವನ ಲೆಕ್ಕ.

ಅಳೆದು ನೋಡಿದೆವು. ಹಳೆಯ ಪ್ಯಾಚ್ ವಾಲ್ವ್‌ನಿಂದ ಎಡಕ್ಕೆ ಎರಡು ಗೇಣು ಮತ್ತೆ ನಾಲ್ಕು ಬೆರಳು. ಹೊಸ ತೂತು ವಾಲ್ವ್‌ನಿಂದ ಬಲಕ್ಕೆ ಎರಡು ಗೇಣು, ನಾಲ್ಕು ಬೆರಳು. ಎರಡೂ ಹೊರಮೈಯಲ್ಲೇ. ಬೇರೆ ಬೇರೆ ಮುಳ್ಳು ಇಷ್ಟು ಸರಿಸಮನಾದ ದೂರದಲ್ಲಿ ಚುಚ್ಚುವುದು ಅಪರೂಪ. ಇಲ್ಲಿ ಆದದ್ದು ಬೇರೆ. ಪಂಚರ್ ಹಾಕಿದ ಮೇಲೆ ಟ್ಯೂಬನ್ನು ಮಗುಚಿ ಹಾಕಲಾಗಿತ್ತು. ಚೈನ್ ಕಡೆ ಇದ್ದ ಬದಿ ಆಚೆ ಕಡೆ ಹೋಗಿತ್ತು. ವಾಲ್ವ್ ಇದ್ದಲ್ಲೇ ಇರುತ್ತದೆ, ಹೊರಮೈ ಹೊರಮೈಯಾಗಿಯೇ ಇರುತ್ತದೆ, ಎಡ ಬಲ ಮಾತ್ರ ಅದಲುಬದಲಾಗುತ್ತದೆ. ಅಂದರೆ ಟೈರಿನ ಒಂದೇ ಜಾಗದಲ್ಲಿದ್ದ ಒಂದೇ ಮುಳ್ಳು ಎರಡು ಸಲ ಚುಚ್ಚಿದೆ.

ಟ್ಯೂಬ್ ತೆಗೆಯುವಾಗ ಬದಿಯ ಗುರುತು ಇಟ್ಟಿದ್ದರಿಂದ ಹೊಸ ತೂತಿಗೆ ನೇರವಾದ ಟೈರಿನ ಜಾಗ ಸುಲಭವಾಗಿ ಸಿಕ್ಕಿತು. ಗುರುತು ಇರದಿದ್ದರೆ ವಾಲ್ವ್‌ನ ಎರಡೂ ಕಡೆ ಅಷ್ಟೇ ದೂರದಲ್ಲಿ ಹುಡುಕಬೇಕಾಗುತ್ತಿತ್ತು. ಅದೂ ಕಷ್ಟದ ಕೆಲಸ ಏನಲ್ಲ, ಇಡೀ ಟೈರ್ ತಡಕುವುದಕ್ಕಿಂತ ಎಷ್ಟೋ ವಾಸಿ.

ಹುಡುಗ ಒಳಗಡೆ ಬೆರಳಾಡಿಸಿ "ಏನೂ ಇಲ್ಲ" ಅಂದ. ಅದೂ ನಿಜವೇ. ಟೈರ್ ಸುಮ್ನೆ ಇದ್ದಾಗ ಮುರಿದ ಮುಳ್ಳಿನ ತುದಿ ರಬ್ಬರಿನೊಳಗೆ ಹುದುಗಿರುತ್ತದೆ. ಭಾರ ಬಿದ್ದು ಟೈರ್ ಬಾಗಿದಾಗ ಮಾತ್ರ ಒಳಕ್ಕೆ ತಲೆ ಹಾಕುತ್ತದೆ. ಆದ್ದರಿಂದ ಟೈರನ್ನು ಎರಡೂ ಕೈಯಲ್ಲಿ ಹಿಡಿದು, ಹೊರಮೈಯಿಂದ ಹೆಬ್ಬೆರಳು ಒತ್ತಿ, ಒಳಮೈ ಉಬ್ಬುವ ಹಾಗೆ ಬಗ್ಗಿಸಬೇಕು. ಆಮೇಲೆ ಅಲ್ಲಿ ಹತ್ತಿಯ ಉಂಡೆ ಅಥವಾ ಹಳೆ ಬನಿಯನ್ ಬಟ್ಟೆ ಸವರಬೇಕು. ಮುಳ್ಳು ಇದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ. ಬರಿ ಬೆರಳು ಜೋರಾಗಿ ಉಜ್ಜಬೇಡಿ. ಗಾಜು ಇದ್ದರೆ ಕೊಯ್ದುಬಿಡುತ್ತದೆ.

ಹತ್ತಿ ಸಿಕ್ಕಿಕೊಂಡಿತು. ಸೂಜಿಯಿಂದ ಒಳಗಿನಿಂದ ಹೊರಕ್ಕೆ ನೂಕಿ, ಹೊರಗೆ ತಲೆ ಕಂಡ ಮೇಲೆ ಚಿಮುಟದಿಂದ ಎಳೆದಾಗ ಅಕ್ಕಿಕಾಳಿನ ಅರ್ಧದಷ್ಟು ಮುಳ್ಳಿನ ತುಂಡು ಬಂತು. ಅದಾದ ಮೇಲೂ ಆ ಜಾಗವನ್ನು ಇನ್ನೊಮ್ಮೆ ಬಗ್ಗಿಸಿ ಹತ್ತಿ ಸವರಿದೆವು. ಮುಳ್ಳು ಒಳಗೇ ಎರಡು ತುಂಡಾಗಿರುವುದೂ ಉಂಟು.

ಪ್ಯಾಚ್ ಕೂರದಿರಲು ಕಾರಣ

ಕಾರಣ ತೆಗೆದ ಮೇಲೂ ಗಾಳಿ ಇಳಿದರೆ ಪ್ಯಾಚ್ ಅಂಚು ಎದ್ದಿರುತ್ತದೆ. ಸಾಮಾನ್ಯವಾಗಿ ಅವಸರವೇ ಇದಕ್ಕೆ ಮೂಲ. ಪ್ಯಾಚ್‌ಗಿಂತ ಸ್ವಲ್ಪ ಅಗಲಕ್ಕೆ ಟ್ಯೂಬನ್ನು ಉಪ್ಪು ಕಾಗದದಿಂದ ಉಜ್ಜಿ, ಹೊಳಪು ಹೋಗಬೇಕು. ಟ್ಯೂಬ್ ಉದ್ದಕ್ಕೂ ಒಂದು ಸಣ್ಣ ಏಣು ಇರುತ್ತದೆ. ತೂತು ಅದರ ಹತ್ತಿರ ಇದ್ದರೆ ಆ ಏಣನ್ನು ಪೂರ್ತಿ ಸಮ ಮಾಡಿ. ಇಲ್ಲದಿದ್ದರೆ ಪ್ಯಾಚ್ ಕೆಳಗೆ ಅದರ ಪಕ್ಕದಲ್ಲೇ ಗಾಳಿಗೆ ದಾರಿ ಉಳಿಯುತ್ತದೆ.

ಸೊಲ್ಯೂಷನ್ ತೆಳುವಾಗಿ ಹಚ್ಚಿ ಸುಮಾರು ಐದು ನಿಮಿಷ ಕಾಯಿರಿ. ಹಸಿಯಾಗಿ ಹೊಳೆಯುತ್ತಿರುವಾಗ ಪ್ಯಾಚ್ ಇಡಬಾರದು. ಮಂಕಾಗಿ, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಒಣಗಿರಬೇಕು. ಇದು ಅಂಟಿನ ಹಾಗಲ್ಲ, ಹಸಿ ಇದ್ದಾಗ ಒತ್ತಿದರೆ ಹಿಡಿಯುವುದಿಲ್ಲ. ಪ್ಯಾಚಿನ ಬೆನ್ನಿನ ಹಾಳೆ ತೆಗೆದ ಮೇಲೆ ಆ ಮೈಯನ್ನು ಬೆರಳಿಂದ ಮುಟ್ಟಬೇಡಿ. ನಡುವಿನಿಂದ ಅಂಚಿಗೆ ಒಂದು ನಿಮಿಷ ಗಟ್ಟಿಯಾಗಿ ಒತ್ತಿ. ಮೇಲಿನ ತೆಳು ಪ್ಲಾಸ್ಟಿಕ್ ಬಿಡಿಸಲು ಹೋಗಿ ಅಂಚನ್ನು ಎಬ್ಬಿಸುವುದಕ್ಕಿಂತ ಹಾಗೇ ಬಿಡುವುದು ಒಳ್ಳೆಯದು. ಪ್ಯಾಚ್ ನೋಡಲೆಂದು ಬರಿ ಟ್ಯೂಬಿಗೆ ಉಬ್ಬಿ ಬರುವಷ್ಟು ಗಾಳಿ ಹೊಡೆಯಬೇಡಿ. ರಬ್ಬರ್ ಹಿಗ್ಗಿ ಹೊಸ ಪ್ಯಾಚ್ ಬಿಟ್ಟುಕೊಳ್ಳುತ್ತದೆ. ಟೈರೊಳಗೆ ಕೂತ ಮೇಲೆ ಗಾಳಿಯೇ ಅದನ್ನು ಒತ್ತಿ ಹಿಡಿಯುತ್ತದೆ.

ಸೊಲ್ಯೂಷನ್ ಕಿಟ್ ಬಗ್ಗೆ ಒಂದು ಮಾತು. ಒಮ್ಮೆ ತೆರೆದ ಟ್ಯೂಬ್ ಮುಚ್ಚಳ ಹಾಕಿದ್ದರೂ ಕೆಲವು ತಿಂಗಳಲ್ಲಿ ಒಣಗುತ್ತದೆ. ಹೊರಗಿನಿಂದ ತುಂಬಿದ ಹಾಗೇ ಕಾಣುತ್ತದೆ. ರೈಡ್‌ಗೆ ಮುಂಚೆ ಒತ್ತಿ ನೋಡಿ, ಇಲ್ಲವೇ ತೆರೆಯದ ಹೊಸದೊಂದು ಇಟ್ಟುಕೊಳ್ಳಿ. ಸೊಲ್ಯೂಷನ್ ಬೇಡದ ಸ್ಟಿಕ್ಕರ್ ಪ್ಯಾಚ್ ಮನೆ ಸೇರಿಸುತ್ತದೆ, ಕಾಯಂ ರಿಪೇರಿ ಅಂತ ನಂಬಬೇಡಿ.

ಕೂರಿಸಿ, ಒಂದು ರಾತ್ರಿ ಬಿಡಿ

ಟ್ಯೂಬಿಗೆ ಆಕಾರ ಬರುವಷ್ಟು ಮಾತ್ರ ಗಾಳಿ ಕೊಟ್ಟು ಒಳಗೆ ಕೂರಿಸಿ. ಟೈರ್ ಅಂಚನ್ನು ವಾಲ್ವ್‌ನ ಎದುರು ಬದಿಯಿಂದ ಶುರು ಮಾಡಿ, ಎರಡೂ ಕಡೆಯಿಂದ ಕೈಯಲ್ಲೇ ತಳ್ಳುತ್ತಾ ವಾಲ್ವ್ ಹತ್ತಿರ ಮುಗಿಸಿ. ಬಿಗಿ ಅನ್ನಿಸಿದರೆ ಈಗಾಗಲೇ ಕೂತ ಅಂಚನ್ನು ರಿಮ್ಮಿನ ನಡುವಿನ ತಗ್ಗಿಗೆ ಹಿಸುಕಿ ತಂದರೆ ಸಡಿಲ ಸಿಗುತ್ತದೆ. ಕೊನೆಗೆ ವಾಲ್ವನ್ನು ಒಮ್ಮೆ ಮೇಲಕ್ಕೆ, ಟೈರೊಳಗೆ ತಳ್ಳಿ ಬಿಡಿ. ಅದರ ಬುಡದ ದಪ್ಪ ಭಾಗ ಅಂಚಿನ ಕೆಳಗೆ ಸಿಕ್ಕಿದ್ದರೆ ಬಿಡಿಸಿಕೊಳ್ಳುತ್ತದೆ. ಟೈರನ್ನು ಪಕ್ಕಕ್ಕೆ ಸರಿಸಿ ಸುತ್ತಲೂ ನೋಡಿ. ಎಲ್ಲೂ ಟ್ಯೂಬ್ ಇಣುಕಬಾರದು.

ಗಾಳಿ ಎಷ್ಟು ಎನ್ನುವುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಆ ಹುಡುಗನ 32 ಮಿ.ಮೀ. ಟೈರಿಗೆ 60 ಪಿಎಸ್ಐ ಇಟ್ಟೆವು. ಅವನ ತೂಕಕ್ಕೆ ಅಷ್ಟು ಸರಿ. ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದಾಗ ಎರಡು ಮೂರು ಪಿಎಸ್ಐ ಇಳಿದಿದ್ದರೆ ಚಿಂತೆ ಬೇಡ. ರಬ್ಬರ್ ಮೂಲಕ ಅಷ್ಟು ಗಾಳಿ ಹೋಗುವುದು ಸಹಜ. ಪಂಪ್ ಹಾಕಿ ತೆಗೆಯುವಾಗಲೂ ಸ್ವಲ್ಪ ಹೋಗುತ್ತದೆ. ಹತ್ತು ಇಳಿದಿದ್ದರೆ ಮತ್ತೆ ಬಿಚ್ಚಬೇಕು. ಈ ಪರೀಕ್ಷೆಗೆ ಒಂದು ರಾತ್ರಿ ಬೇಕೇಬೇಕು. ಅದಕ್ಕೇ ಭಾನುವಾರದ ರೈಡ್‌ಗೆ ಶುಕ್ರವಾರ ಸಂಜೆ ಸೈಕಲ್ ನೋಡಿ. ಶನಿವಾರ ರಾತ್ರಿ ನೋಡಿದರೆ ತಪ್ಪು ತಿಳಿಯುವುದು ಹೊರಡುವ ಹೊತ್ತಿಗೇ.

ದಾರಿಯಲ್ಲಿ ಆದರೆ

ರಸ್ತೆಯಲ್ಲಿ ಕೂತು ಪ್ಯಾಚ್ ಹಾಕುವ ಬದಲು ಬೇರೆ ಟ್ಯೂಬ್ ಹಾಕಿ ಹೊರಡಿ. ತೂತಾದ ಟ್ಯೂಬ್ ಮನೆಯಲ್ಲಿ ನೋಡಿಕೊಳ್ಳಬಹುದು. ಆದರೆ ಮುಳ್ಳು ಹುಡುಕುವ ಕೆಲಸ ಮಾತ್ರ ಅಲ್ಲೇ ಮುಗಿಸಬೇಕು, ಇಲ್ಲದಿದ್ದರೆ ಹೊಸ ಟ್ಯೂಬೂ ಕೊರಟಗೆರೆ ದಾಟುವುದಿಲ್ಲ. ಚಕ್ರವನ್ನು ರಸ್ತೆ ಬದಿಯ ಒಣ ಹುಲ್ಲಿನ ಮೇಲೆ ಇಡಬೇಡಿ. ನೆಗ್ಗಿಲು ಮುಳ್ಳು ಇರುವುದು ಅಲ್ಲೇ.

ನಟ್ ಹಾಕಿದ ಹಳೆ ಸೈಕಲ್ ಆಗಿ, ಪಾನಾ ಇಲ್ಲದಿದ್ದರೂ ಪಂಚರ್ ಹಾಕಬಹುದು. ನಮ್ಮ ಅಂಗಡಿಗಳಲ್ಲಿ ಮಾಡುವುದೇ ಹಾಗೆ. ಚಕ್ರ ಬಿಚ್ಚದೆ ಟೈರಿನ ಒಂದು ಅಂಚು ಎಬ್ಬಿಸಿ, ಟ್ಯೂಬನ್ನು ಪಕ್ಕಕ್ಕೆ ಎಳೆದುಕೊಂಡು ಪ್ಯಾಚ್ ಹಾಕಿ ಒಳಗೆ ತಳ್ಳುತ್ತಾರೆ. ಟ್ಯೂಬ್ ಬದಲಿಸಲು ಮಾತ್ರ ಹೀಗೆ ಆಗುವುದಿಲ್ಲ.

ಗುಂಪಿನಲ್ಲಿ ಹೊರಡುವ ಮುಂಚೆ ಎಲ್ಲರ ಟೈರ್ ಅಳತೆ ಮತ್ತು ವಾಲ್ವ್ ಯಾವುದೆಂದು ಕೇಳಿಕೊಳ್ಳಿ. 29 ಇಂಚು ಮತ್ತು 700 ಎಂದು ಬರೆದಿರುವ ಚಕ್ರಗಳ ರಿಮ್ ಅಳತೆ ಒಂದೇ. ಅಗಲ ತೀರಾ ಬೇರೆ ಇರದಿದ್ದರೆ ಒಂದರ ಟ್ಯೂಬ್ ಇನ್ನೊಂದಕ್ಕೆ ಆಪತ್ಕಾಲಕ್ಕೆ ನಡೆಯುತ್ತದೆ. ದಪ್ಪ ವಾಲ್ವ್‌ನ ರಿಮ್ಮಿಗೆ ಪ್ರೆಸ್ಟಾ ಟ್ಯೂಬ್ ಹಾಕಿ ಮನೆ ಸೇರಬಹುದು. ತಿರುಗಿಸಿ ಮಾಡಲು ಆಗುವುದಿಲ್ಲ, ಪ್ರೆಸ್ಟಾ ರಿಮ್ಮಿನ ತೂತಿನಲ್ಲಿ ದಪ್ಪ ವಾಲ್ವ್ ಹೋಗುವುದೇ ಇಲ್ಲ. ಪಂಪ್ ಎರಡಕ್ಕೂ ಹೊಂದುವಂಥದ್ದಾಗಿರಲಿ, ಮತ್ತು ಅದು ಎಲ್ಲರಿಗಿಂತ ಹಿಂದೆ ಬರುವವರ ಹತ್ತಿರ ಇರಲಿ. ಮುಂದೆ ಹೋದವರ ಬ್ಯಾಗಿನಲ್ಲಿದ್ದರೆ ಏನು ಉಪಯೋಗ?

ಟೈರೇ ಸೀಳಿ ಟ್ಯೂಬ್ ಇಣುಕುತ್ತಿದ್ದರೆ ಒಳಗಿನಿಂದ ಒತ್ತು ಕೊಡಬೇಕು. ಹಳೆ ಟೈರಿನ ಪಕ್ಕದ ತೆಳು ಭಾಗದಿಂದ ಎರಡು ಬೆರಳಗಲ ಕತ್ತರಿಸಿ ಕಿಟ್‌ನಲ್ಲಿ ಇಟ್ಟುಕೊಂಡಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಖಾಲಿ ಟೂತ್‌ಪೇಸ್ಟ್ ಟ್ಯೂಬ್ ಕತ್ತರಿಸಿ ತೊಳೆದಿಟ್ಟರೂ ಆದೀತು. ಸೀಳಿಗೆ ಅಡ್ಡವಾಗಿ ಇಟ್ಟು ಗಾಳಿ ಸ್ವಲ್ಪ ಕಡಿಮೆ ಹೊಡೆದು ಹೋಗಿ. ಹಾಲಿನ ಕವರ್ ಹಿಗ್ಗಿಬಿಡುತ್ತದೆ, ನಾಲ್ಕಾರು ಮಡಿಕೆ ಮಾಡಿದರೂ ಜಾಸ್ತಿ ದೂರ ನಂಬುವ ಹಾಗಿಲ್ಲ.

ಚೈನ್ ಕಳಚಿದರೆ ಹಿಂದೆ ಗೇರ್ ಬದಲಿಸುವ ಡಿರೇಲರ್‌ನ ತೋಳನ್ನು ಮುಂದಕ್ಕೆ ತಳ್ಳಿ ಸಡಿಲ ಮಾಡಿಕೊಂಡು, ಚೈನನ್ನು ಮುಂದಿನ ಚಿಕ್ಕ ಹಲ್ಲುಚಕ್ರದ ಮೇಲೆ ಕೂರಿಸಿ ಪೆಡಲ್ ಕೈಯಲ್ಲಿ ತಿರುಗಿಸಿ. ಮತ್ತೆ ಮತ್ತೆ ಕಳಚುತ್ತಿದ್ದರೆ ಆ ಗೇರಿಗೆ ಹೋಗದೆ ಊರು ಸೇರಿ. ಕಡ್ಡಿ ಮುರಿದರೆ ತುಂಡನ್ನು ಪಕ್ಕದ ಕಡ್ಡಿಗೆ ಸುತ್ತಿ ಕಟ್ಟಿ. ಚಕ್ರ ಓಲಾಡಿ ಬ್ರೇಕ್‌ಗೆ ಉಜ್ಜುತ್ತಿದ್ದರೆ ಆ ಬ್ರೇಕ್ ಸಡಿಲಿಸಿ, ಇನ್ನೊಂದು ಬ್ರೇಕನ್ನೇ ನಂಬಿ ನಿಧಾನವಾಗಿ ಓಡಿಸಿ. ಇಳಿಜಾರು ಬಂದರೆ ಇಳಿದು ತಳ್ಳಿ. ಪಕ್ಕಪಕ್ಕದ ಎರಡು ಕಡ್ಡಿ ಹೋಗಿದ್ದರೆ, ರಿಮ್ ಬಿರಿದಿದ್ದರೆ, ಇಲ್ಲವೇ ಟೈರಿನ ಅಂಚಿನ ತಂತಿ ಕಿತ್ತು ಬಂದಿದ್ದರೆ ರಸ್ತೆ ಬದಿಯ ರಿಪೇರಿ ಅಲ್ಲಿಗೆ ಮುಗಿಯಿತು. ಕೊರಟಗೆರೆಯಲ್ಲೋ ಮಧುಗಿರಿಯಲ್ಲೋ ಒಂದು ಲಗೇಜ್ ಆಟೋ ಮಾತಾಡಿ, ಸೈಕಲ್ ಅದರಲ್ಲಿ ಹಾಕಿಕೊಂಡು ತುಮಕೂರಿಗೆ ಬನ್ನಿ.